ಬಾಡಿಗೆ 18 ಸಾವಿರ, ಕಂತು 40 ಸಾವಿರ: ಬಿಜೈಯ ಒಂದು ಫ್ಲಾಟಿನ ಲೆಕ್ಕ

ಮಂಗಳೂರಿನ ಬಿಜೈಯಲ್ಲಿ ನನ್ನ ತಂಗಿ ಮತ್ತು ಭಾವ ಐದು ವರ್ಷದಿಂದ ಬಾಡಿಗೆಗೆ ಇದ್ದಾರೆ. ಮೂರನೇ ಮಹಡಿ, ಎರಡು ಬೆಡ್‌ರೂಮಿನ ಫ್ಲಾಟ್. ತಿಂಗಳಿಗೆ 18,000 ಬಾಡಿಗೆ, ಮೆಂಟೆನೆನ್ಸ್ ಅದರಲ್ಲೇ ಸೇರಿದೆ. ಅಡ್ವಾನ್ಸ್ ಒಂದು ಲಕ್ಷ. ನವರಾತ್ರಿ ಮುಗಿದ ವಾರ ಮಾಲೀಕರು ಫೋನ್ ಮಾಡಿದರು. "ಫ್ಲಾಟ್ ಮಾರ್ತಾ ಇದ್ದೇನೆ. ಬೇಕಿದ್ರೆ ಮೊದಲು ನೀವೇ ತಗೊಳ್ಳಿ, 60 ಲಕ್ಷ" ಅಂದರು.

ಭಾನುವಾರ ನಾನು ಹೋದಾಗ ಊಟದ ಮೇಜಿನ ಮೇಲೆ ಬ್ಯಾಂಕಿನವರು ಕೊಟ್ಟ ಹಾಳೆ ಇತ್ತು. 48 ಲಕ್ಷ ಸಾಲ, ಶೇಕಡಾ 8 ಬಡ್ಡಿ, 20 ವರ್ಷ, ತಿಂಗಳ ಕಂತು 40,149. "ಬಾಡಿಗೆ ಕೊಟ್ಟದ್ದು ನೀರಿಗೆ ಹಾಕಿದ ಹಾಗೆ. ಕಂತು ಕಟ್ಟಿದ್ರೆ ಮನೆಯಾದರೂ ನಮ್ಮದಾಗ್ತದಲ್ವಾ?" ಅಂದರು ಭಾವ. ತಂಗಿ ಅಷ್ಟರಲ್ಲೇ ಕ್ಯಾಲೆಂಡರಿನ ಹಿಂದೆ ಒಂದು ಲೆಕ್ಕ ಬರೆದಿಟ್ಟಿದ್ದಳು. ನಾನು ಲೆಕ್ಕಪತ್ರದ ಕೆಲಸದಲ್ಲಿ ಇರುವವನು. ಆವತ್ತು ಮಧ್ಯಾಹ್ನ ಮೂವರೂ ಕೂತು ಆ ಲೆಕ್ಕವನ್ನು ಮೊದಲಿಂದ ಮಾಡಿದೆವು. ಇಲ್ಲಿ ಒಂದು ಅನುಕೂಲ ಇತ್ತು. ಕೊಳ್ಳುವುದೂ ಬಾಡಿಗೆಗೆ ಇರುವುದೂ ಇದೇ ಮನೆ, ಇದೇ ಗೋಡೆ, ಇದೇ ಕಿಟಕಿ. ಸಾಮಾನ್ಯವಾಗಿ ಜನ 15 ಸಾವಿರದ ಹಳೇ ಬಾಡಿಗೆ ಮನೆಯನ್ನು 80 ಲಕ್ಷದ ಹೊಸ ಫ್ಲಾಟಿಗೆ ಹೋಲಿಸುತ್ತಾರೆ. ಆಗ ಹೋಲಿಕೆ ಮನೆಗಳ ಮಧ್ಯೆ ಆಗುತ್ತದೆಯೇ ಹೊರತು ಬಾಡಿಗೆಗೂ ಖರೀದಿಗೂ ಅಲ್ಲ.

ಮೊದಲು ಕಂತಿನ ಮಾತು. 48 ಲಕ್ಷಕ್ಕೆ ಶೇಕಡಾ 8 ಅಂದರೆ ತಿಂಗಳ ಬಡ್ಡಿ 32,000. ಅಂದರೆ ಮೊದಲ ತಿಂಗಳ 40,149ರಲ್ಲಿ 32,000 ಬಡ್ಡಿಗೇ ಹೋಗುತ್ತದೆ. ಸಾಲ ಕರಗುವುದು ಬರೀ 8,149. ಮನೆಯ ಬಾಡಿಗೆ 18,000 ಮಾಲೀಕರಿಗೆ ಹೋಗುವ ಬದಲು, ದುಡ್ಡಿನ ಬಾಡಿಗೆ 32,000 ಬ್ಯಾಂಕಿಗೆ ಹೋಗುತ್ತದೆ. ಹತ್ತು ವರ್ಷ ಕಟ್ಟಿದ ಮೇಲೆ ನೋಡಿದರೂ, ಒಟ್ಟು 48.18 ಲಕ್ಷ ಕಟ್ಟಿರುತ್ತಾರೆ, ಆದರೆ 33.09 ಲಕ್ಷ ಸಾಲ ಹಾಗೇ ಬಾಕಿ ಇರುತ್ತದೆ. ಭಾವ ಈ ಅಂಕಿಯನ್ನು ಎರಡು ಸಲ ಕೇಳಿದರು. ಬಾಡಿಗೆ ಪೂರ್ತಿ ನೀರಿಗೆ ಹೋಯಿತು ಅನ್ನುವುದಾದರೆ ಬಡ್ಡಿಯೂ ಅಲ್ಲಿಗೇ ಹೋಗುತ್ತದೆ.

ಹಾಗಂತ ಕಂತಿಗೂ ಬಾಡಿಗೆಗೂ ಎದುರುಬದುರು ಇಟ್ಟು ನೋಡಿದರೆ ಅದೂ ತಪ್ಪು. ಕಂತು ಕಟ್ಟಿದವರ ಕೈಯಲ್ಲಿ ಕೊನೆಗೆ ಮಾರಬಹುದಾದ ಮನೆ ಇರುತ್ತದೆ. ಕೊಂಡು ಹತ್ತು ವರ್ಷ ಇದ್ದು ಆಮೇಲೆ ಮಾರುತ್ತಾರೆ ಅಂತ ಹಿಡಿದೆವು. ಆಗ ಕೆಲವು ಖರ್ಚು ಇವತ್ತು, ಕೆಲವು ತಿಂಗಳು ತಿಂಗಳು, ಮನೆ ಮಾರಿದ ದುಡ್ಡು ಹತ್ತು ವರ್ಷದ ನಂತರ. ಬೇರೆ ಬೇರೆ ಕಾಲದ ರೂಪಾಯಿಗಳನ್ನು ಸುಮ್ನೆ ಕೂಡಿಸಿ ಕಳೆಯಲು ಆಗುವುದಿಲ್ಲ. ಎಲ್ಲವನ್ನೂ ಒಂದೇ ದಿನದ ಬೆಲೆಗೆ ತರಬೇಕು. ಇದಕ್ಕೆ ಪ್ರೆಸೆಂಟ್ ವ್ಯಾಲ್ಯೂ ಅನ್ನುತ್ತಾರೆ. ನಾನು ಇಲ್ಲಿ 'ಇವತ್ತಿನ ಬೆಲೆ' ಅಂತಲೇ ಕರೆಯುತ್ತೇನೆ.

ಇದರಲ್ಲಿ ಕಷ್ಟ ಏನಿಲ್ಲ. ನನ್ನ ದುಡ್ಡಿಗೆ ವರ್ಷಕ್ಕೆ ಶೇಕಡಾ 8 ಸಿಗುತ್ತದೆ, ಬಡ್ಡಿ ತಿಂಗಳು ತಿಂಗಳು ಸೇರುತ್ತದೆ ಅಂದುಕೊಳ್ಳಿ. ಇವತ್ತು ಇಟ್ಟ 45 ರೂಪಾಯಿ ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ 100 ಆಗುತ್ತದೆ. ಹಾಗಾಗಿ ಹತ್ತು ವರ್ಷದ ನಂತರ ಬರುವ 100 ರೂಪಾಯಿಗೆ ಇವತ್ತಿನ ಬೆಲೆ 45 ರೂಪಾಯಿ. ತಿಂಗಳು ತಿಂಗಳು ಕೊಡುವ ಮೊತ್ತಕ್ಕೂ ಇದೇ ನಿಯಮ, ಪ್ರತಿ ತಿಂಗಳಿಗೂ ಬೇರೆ ಬೇರೆಯಾಗಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಎರಡೇ ಸಾಲು:

```
=100/(1+8%/12)^120
=PV(8%/12, 120, -40149)
```

ಮೊದಲನೆಯದಕ್ಕೆ 45.05 ಬರುತ್ತದೆ. ಎರಡನೆಯದು ಹತ್ತು ವರ್ಷದ 120 ಕಂತುಗಳ ಇವತ್ತಿನ ಬೆಲೆ, ಸುಮಾರು 33.09 ಲಕ್ಷ.

ಈಗ ಮನೆ ಕೊಂಡರೆ ಮೊದಲ ದಿನ ಕೈಯಿಂದ ಹೋಗುವ ದುಡ್ಡು ಎಷ್ಟು? ಭಾವನ ತಲೆಯಲ್ಲಿ ಇದ್ದದ್ದು ಡೌನ್ ಪೇಮೆಂಟಿನ 12 ಲಕ್ಷ ಮಾತ್ರ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 5. ಸೆಸ್, ಸರ್ಚಾರ್ಜ್ ಸೇರಿ ಪೇಟೆಯಲ್ಲಿ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6. ಅರವತ್ತು ಲಕ್ಷಕ್ಕೆ 4.56 ಲಕ್ಷ. ಬ್ಯಾಂಕು ಇದಕ್ಕೆ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಇದರ ಮೇಲೆ ಅಡುಗೆಮನೆ, ಕಪಾಟು, ತುಕ್ಕು ಹಿಡಿದ ಬಾಲ್ಕನಿ ಗ್ರಿಲ್ ಬದಲಿಸಲು 3 ಲಕ್ಷ ಇಟ್ಟೆವು. ಅಲ್ಲಿಗೆ 12 ಲಕ್ಷ ಹೋಗಿ 19.56 ಲಕ್ಷ ಆಯಿತು. (ಕಟ್ಟುತ್ತಿರುವ ಫ್ಲಾಟ್ ಆದರೆ ಜಿಎಸ್‌ಟಿ ಶೇಕಡಾ 5 ಬೇರೆ ಬರುತ್ತದೆ. ಇದು ಹಳೇ ಫ್ಲಾಟ್, ಆ ತೊಂದರೆ ಇಲ್ಲ.)

ತಂಗಿ ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕಕ್ಕೆ ಇಲ್ಲಿ ಬರಬೇಕು. ಈ ದುಡ್ಡು ಸುಮ್ನೆ ಕೂರುತ್ತಿರಲಿಲ್ಲ ಅನ್ನುವುದು ಅವಳಿಗೆ ಸರಿಯಾಗಿ ಹೊಳೆದಿತ್ತು. ಮನೆಗೆ ಹಾಕದೆ ಬೇರೆ ಕಡೆ ಇಟ್ಟಿದ್ದರೆ 19.56 ಲಕ್ಷ ಹತ್ತು ವರ್ಷದಲ್ಲಿ 43.42 ಲಕ್ಷ ಆಗುತ್ತಿತ್ತು. ಬಾರದೆ ಹೋದ ಲಾಭ 23.86 ಲಕ್ಷ. ತುಂಬಾ ಜನ ಮರೆತೇ ಬಿಡುವ ಖರ್ಚು ಇದು, ಯಾಕೆಂದರೆ ಇದಕ್ಕೆ ಯಾರೂ ಬಿಲ್ ಕೊಡುವುದಿಲ್ಲ. ಅವಳು ಮರೆಯಲಿಲ್ಲ. ಆದರೆ ಎರಡು ಸಲ ಹಿಡಿದಿದ್ದಳು. ಮುಂದೆ ಬರುವ ಎಲ್ಲಾ ದುಡ್ಡನ್ನೂ ಶೇಕಡಾ 8ರಲ್ಲಿ ಇವತ್ತಿನ ಬೆಲೆಗೆ ಇಳಿಸಿ, ಅದರ ಮೇಲೆ ಈ 23.86 ಲಕ್ಷವನ್ನೂ ಖರ್ಚು ಅಂತ ಸೇರಿಸಿದ್ದಳು.

"ಯಾಕಣ್ಣ, ಅದು ನಷ್ಟ ಅಲ್ವಾ?" ಅಂತ ಕೇಳಿದಳು.

ನಷ್ಟ ಹೌದು, ಆದರೆ ಆಗಲೇ ಲೆಕ್ಕಕ್ಕೆ ಬಂದಾಗಿದೆ. ಹತ್ತು ವರ್ಷದ ನಂತರದ 100 ರೂಪಾಯಿಯನ್ನು 45ಕ್ಕೆ ಇಳಿಸುವುದು ಯಾಕೆ? ಇವತ್ತಿನ 45 ರೂಪಾಯಿಗೆ ಬೇರೆ ಕಡೆ 55 ರೂಪಾಯಿ ಲಾಭ ಸಿಗುತ್ತಿತ್ತು ಅನ್ನುವ ಕಾರಣಕ್ಕೇ. ಕೈಬಿಟ್ಟ ಲಾಭ ಆ ಇಳಿಕೆಯ ಒಳಗೇ ಇದೆ. ಇವತ್ತು ಹಾಕುವ 19.56 ಲಕ್ಷವನ್ನು ಪೂರ್ತಿಯಾಗಿ ಖರ್ಚಿಗೆ ಬರೆದು, ಮುಂದೆ ಮನೆ ಮಾರಿ ಬರುವುದನ್ನು ಇಳಿಸಿ ಆದಾಯಕ್ಕೆ ಬರೆದರೆ ಸಾಕು. ಹಾಗೆ ಇಳಿಸುವುದು ಬೇಡ, ಎಲ್ಲವನ್ನೂ ಹತ್ತು ವರ್ಷದ ನಂತರದ ರೂಪಾಯಿಗೇ ತರುತ್ತೇನೆ ಅನ್ನುವವರು ಡೌನ್ ಪೇಮೆಂಟನ್ನು 43.42 ಲಕ್ಷಕ್ಕೆ ಬೆಳೆಸಿ ಬರೆಯಬಹುದು, ಆಗ ಕಂತು, ಬಾಡಿಗೆ ಎಲ್ಲವನ್ನೂ ಹಾಗೇ ಬೆಳೆಸಬೇಕು. ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಅರ್ಧ ಇದು ಅರ್ಧ ಅದು ಮಾಡಿದರೆ ಕೊಳ್ಳುವುದು ನಿಜಕ್ಕಿಂತ ತುಂಬಾ ದುಬಾರಿಯಾಗಿ ಕಾಣುತ್ತದೆ. ಬಾಡಿಗೆಯ ಅಡ್ವಾನ್ಸಿಗೂ ಇದೇ ಮಾತು. ಆ ಒಂದು ಲಕ್ಷ ಹತ್ತು ವರ್ಷದ ನಂತರ ವಾಪಸ್ ಬಂದರೂ ಅದರ ಇವತ್ತಿನ ಬೆಲೆ 45,000. ಹಾಗಾಗಿ ಅಡ್ವಾನ್ಸಿನ ನಿಜವಾದ ಖರ್ಚು 55,000.

ಇನ್ನು ತಿಂಗಳ ಖರ್ಚು. ಮಾಲೀಕರಾದ ಮೇಲೆ ಅಸೋಸಿಯೇಷನ್ನಿನ ಮೆಂಟೆನೆನ್ಸ್, ಪಾಲಿಕೆಯ ಆಸ್ತಿ ತೆರಿಗೆ, ರಿಪೇರಿ ಎಲ್ಲಾ ತಮ್ಮದೇ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅವರ ಬೆಡ್‌ರೂಮಿನ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಮೇಲಿನ ಮೂಲೆಯಲ್ಲಿ, ಹಾಸಿಗೆಯ ತಲೆದಿಂಬಿನಷ್ಟು ದೊಡ್ಡ ಒದ್ದೆ ಕಲೆ ಇನ್ನೂ ಒಣಗಿರಲಿಲ್ಲ. ಬಣ್ಣ ಗುಳ್ಳೆ ಎದ್ದು, ಕೈ ಹಾಕಿದರೆ ಸಿಪ್ಪೆಯ ಹಾಗೆ ಉದುರುತ್ತಿತ್ತು. ಬಾಡಿಗೆಯವರಾಗಿ ಇಷ್ಟು ವರ್ಷ ಅವರು ಮಾಡಿದ್ದು ಮಾಲೀಕರಿಗೆ ಒಂದು ಫೋಟೋ ಕಳಿಸಿದ್ದು ಮಾತ್ರ. ಕೊಂಡ ಮೇಲೆ ಹೊರಗೋಡೆಗೆ ಸಾರ್ವೆ ಕಟ್ಟಿಸುವುದೂ ಅವರ ತಲೆಗೇ ಬರುತ್ತದೆ. ಎಲ್ಲಾ ಸೇರಿ ತಿಂಗಳಿಗೆ 5,000 ಹಿಡಿದೆವು, ವರ್ಷಕ್ಕೆ ಶೇಕಡಾ 5 ಏರುತ್ತಾ ಹೋಗುವ ಹಾಗೆ. ಇವತ್ತಿನ ಬೆಲೆಯಲ್ಲಿ 5.02 ಲಕ್ಷ.

ಕೊನೆಗೆ ಮನೆಯನ್ನು ಎಷ್ಟಕ್ಕೆ ಮಾರಬಹುದು? ಇಡೀ ಲೆಕ್ಕ ತಿರುಗುವುದು ಈ ಒಂದು ಅಂಕಿಯ ಮೇಲೆ. ಊರಲ್ಲಿ ಕೇಳಿದರೆ "ಮಂಗಳೂರಲ್ಲಿ ರೇಟು ಡಬಲ್ ಆಗ್ತದೆ" ಅನ್ನುವವರೇ ಎಲ್ಲ. ಅವರು ಹೇಳುವುದು ಹೆಚ್ಚಾಗಿ ಜಾಗದ ಬೆಲೆ. ಐದು ಸೆಂಟ್ಸ್ ಜಾಗದ ಬೆಲೆ ಏರುವ ಹಾಗೆ ಮೂರನೇ ಮಹಡಿಯ ಫ್ಲಾಟಿನ ಬೆಲೆ ಏರುವುದಿಲ್ಲ. ಫ್ಲಾಟಿನ ಜೊತೆ ಬರುವ ಜಾಗದ ಪಾಲು ಸಣ್ಣದು, ಉಳಿದದ್ದು ಕಟ್ಟಡ. ಕಟ್ಟಡ ಪ್ರತಿ ಮಳೆಗಾಲಕ್ಕೂ ಹಳತಾಗುತ್ತದೆ.

ಊಹೆ ಬೇಡ ಅನಿಸಿದರೆ ಒಂದು ಒಳ್ಳೆಯ ದಾರಿ ಇದೆ. ಕಾವೇರಿ ಆನ್‌ಲೈನಿನಲ್ಲಿ ಅದೇ ಫ್ಲಾಟಿನ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ಹಿಂದೆ ಯಾವಾಗ, ಎಷ್ಟು ಮೊತ್ತಕ್ಕೆ ನೋಂದಣಿ ಆಗಿದೆ ಅಂತ ಅದರಲ್ಲಿ ಇರುತ್ತದೆ. ಪತ್ರದಲ್ಲಿ ಕಡಿಮೆ ಮೊತ್ತ ತೋರಿಸಿರುವುದೂ ಉಂಟು, ಅದಕ್ಕೆ ಅದೇ ಕಟ್ಟಡದ ಇಬ್ಬರು ಮೂವರನ್ನು ಕೇಳಿ ತಾಳೆ ನೋಡಬೇಕು. ಈ ಫ್ಲಾಟು 2014ರಲ್ಲಿ 36 ಲಕ್ಷಕ್ಕೆ ಹೋಗಿತ್ತು. ಕೆಳಗಿನ ಮಹಡಿಯವರೂ ಅಷ್ಟೇ ಹೇಳಿದರು. 36 ಲಕ್ಷ ಹನ್ನೊಂದು ವರ್ಷದಲ್ಲಿ 60 ಆಗಿದೆ ಅಂದರೆ ವರ್ಷಕ್ಕೆ ಶೇಕಡಾ 4.8ರ ಹತ್ತಿರ. ಹಾಗಾಗಿ ನಾವು 5 ಇಟ್ಟೆವು.

ಶೇಕಡಾ 5ರಲ್ಲಿ ಹತ್ತು ವರ್ಷಕ್ಕೆ 60 ಲಕ್ಷ 97.73 ಲಕ್ಷ ಆಗುತ್ತದೆ. ಬ್ರೋಕರಿಗೆ ಒಂದೂವರೆ ಪರ್ಸೆಂಟ್ ಹೋಗುತ್ತದೆ. ಲಾಭದ ಮೇಲೆ ಈಗಿನ ನಿಯಮದಲ್ಲಿ ಶೇಕಡಾ 12.5 ತೆರಿಗೆ, ಮೇಲೆ ಸೆಸ್. ಅದೇ ದುಡ್ಡಲ್ಲಿ ಇನ್ನೊಂದು ಮನೆ ಕೊಂಡರೆ ತೆರಿಗೆ ಉಳಿಸಬಹುದು, ಅದನ್ನು ಇಲ್ಲಿ ಹಿಡಿದಿಲ್ಲ. ಕೈಗೆ ಬರುವುದು 92.14 ಲಕ್ಷ. ಅದರಲ್ಲಿ ಬ್ಯಾಂಕಿನ ಬಾಕಿ 33.09 ಲಕ್ಷ ತೀರಿಸಿದರೆ ಉಳಿಯುವುದು 59.05 ಲಕ್ಷ. ಇವತ್ತಿನ ಬೆಲೆಯಲ್ಲಿ 26.60 ಲಕ್ಷ.

ಈಗ ಕೂಡಿಸೋಣ. ಮೊದಲ ದಿನದ 19.56, ಕಂತುಗಳ 33.09, ಮೆಂಟೆನೆನ್ಸ್ ಮತ್ತು ರಿಪೇರಿಯ 5.02, ಒಟ್ಟು 57.67 ಲಕ್ಷ. ಮಾರಿದಾಗ ಬರುವ 26.60 ಕಳೆದರೆ ಹತ್ತು ವರ್ಷ ಸ್ವಂತ ಮನೆಯಲ್ಲಿ ಇರಲು ತಗಲುವುದು 31.07 ಲಕ್ಷ.

ಬಾಡಿಗೆಯ ಕಡೆ ಲೆಕ್ಕ ಚಿಕ್ಕದು. ಈಗ 18,000, ವರ್ಷಕ್ಕೆ ಶೇಕಡಾ 5 ಏರಿಕೆ. ಹತ್ತು ವರ್ಷಕ್ಕೆ ಕೊಡುವುದು 27.17 ಲಕ್ಷ, ಇವತ್ತಿನ ಬೆಲೆಯಲ್ಲಿ 18.07 ಲಕ್ಷ. ಅಡ್ವಾನ್ಸಿನ 0.55. ಎರಡು ಸಲ ಮನೆ ಖಾಲಿ ಮಾಡಿ ಶಿಫ್ಟ್ ಮಾಡಬೇಕಾದೀತು, ಮೂರನೇ ವರ್ಷ 45,000, ಏಳನೇ ವರ್ಷ 60,000 ಅಂತ ಇಟ್ಟರೆ ಅದು 0.70. ಒಟ್ಟು 19.32 ಲಕ್ಷ.

ವ್ಯತ್ಯಾಸ 11.75 ಲಕ್ಷ, ಬಾಡಿಗೆಯ ಪರವಾಗಿ.

ಭಾವ ಸುಮ್ಮನಾದರು. ಆಮೇಲೆ ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ಶೇಕಡಾ 8 ಎಲ್ಲಿ ಸಿಗ್ತದೆ ಮಾರಾಯ? ನಮ್ಮ ದುಡ್ಡು ಎಫ್‌ಡಿಯಲ್ಲಿ ಇರುವುದು."

ಹೌದು, ಇಲ್ಲಿ ಹಾಕುವ ದರ ಅವರವರ ದುಡ್ಡಿಗೆ ನಿಜವಾಗಿ ಸಿಗುವ, ತೆರಿಗೆ ಕಳೆದ ದರ ಆಗಿರಬೇಕು. ಮ್ಯೂಚುವಲ್ ಫಂಡಿನ ಅತಿ ಒಳ್ಳೆಯ ವರ್ಷ ನೋಡಿ 15 ಅಂತ ಹಾಕಿದರೆ ಕೊಳ್ಳುವುದು ಯಾವತ್ತೂ ಗೆಲ್ಲುವುದಿಲ್ಲ. ಹಾಗೆ ಲೆಕ್ಕ ಮಾಡುವವರನ್ನು ಕಂಡರೆ ನನಗೆ ಬೇಸರ. ನಾವು 8 ಹಿಡಿದದ್ದು ಅದು ಸಾಲದ ಬಡ್ಡಿಯೂ ಆದ್ದರಿಂದ. ಕೈಯಲ್ಲಿ ಜಾಸ್ತಿ ದುಡ್ಡಿರುವವರು ಅಷ್ಟು ಸಾಲ ಕಮ್ಮಿ ಮಾಡಿಕೊಂಡರೆ ಅದೇ 8 ಉಳಿದ ಹಾಗೆ. ಎರಡೂ ದರ ಒಂದೇ ಆದಾಗ ಇನ್ನೊಂದು ಅನುಕೂಲ ಇದೆ. ಕಂತುಗಳ ಇವತ್ತಿನ ಬೆಲೆ 33.09, ಹತ್ತು ವರ್ಷದ ನಂತರ ತೀರಿಸುವ ಬಾಕಿಯ ಇವತ್ತಿನ ಬೆಲೆ 14.91. ಎರಡೂ ಸೇರಿದರೆ ಸರಿಯಾಗಿ 48 ಲಕ್ಷ, ಅಂದರೆ ತೆಗೆದ ಸಾಲವೇ. ನೀವು ಮಾಡಿದ ಹಾಳೆ ಸರಿಯಿದೆಯೋ ಅಂತ ನೋಡಲು ಇದು ಒಳ್ಳೆಯ ಪರೀಕ್ಷೆ. ಹೀಗೆ ಬಾರದಿದ್ದರೆ ಎಲ್ಲೋ ತಪ್ಪಿದೆ.

ಎಫ್‌ಡಿಯ ಲೆಕ್ಕವನ್ನೂ ಮಾಡಿದೆವು. ತೆರಿಗೆ ಕಳೆದು ಶೇಕಡಾ 6 ಅಂತ ಇಟ್ಟು, ಸಾಲದ ಬಡ್ಡಿ 8ರಲ್ಲೇ ಬಿಟ್ಟರೆ, ಕೊಳ್ಳುವ ಖರ್ಚು 28.79 ಲಕ್ಷ, ಬಾಡಿಗೆಯದ್ದು 21.13. ವ್ಯತ್ಯಾಸ 7.66 ಲಕ್ಷಕ್ಕೆ ಇಳಿಯಿತು, ಆದರೆ ದಿಕ್ಕು ಬದಲಾಗಲಿಲ್ಲ.

ದಿಕ್ಕು ಬದಲಾಗಬೇಕಾದರೆ ಏನಾಗಬೇಕು? ಮತ್ತೆ ಶೇಕಡಾ 8ರ ಲೆಕ್ಕಕ್ಕೆ ಬಂದರೆ, ಫ್ಲಾಟಿನ ಬೆಲೆ ಹತ್ತು ವರ್ಷವೂ ವರ್ಷಕ್ಕೆ 7.9ರಂತೆ ಏರಬೇಕು. 60 ಲಕ್ಷದ ಫ್ಲಾಟು 1.28 ಕೋಟಿ ಆಗಬೇಕು. ಇಲ್ಲವೇ ಇದೇ ಮನೆಗೆ ಬಾಡಿಗೆ 29,700 ಇರಬೇಕಿತ್ತು. ವರ್ಷದ ಬಾಡಿಗೆ ಮನೆಯ ಬೆಲೆಯ ಶೇಕಡಾ 6ರ ಹತ್ತಿರ ಬಂದರೆ ಮಾತ್ರ ಸಮ. ಇಲ್ಲಿ ಇರುವುದು 3.6. ಮಣಿಪಾಲದಲ್ಲಿ ವಿದ್ಯಾರ್ಥಿಗಳು ಇರುವ ಸಣ್ಣ ಫ್ಲಾಟುಗಳಲ್ಲಿ ಬಾಡಿಗೆ ಬೆಲೆಗೆ ಹೋಲಿಸಿದರೆ ಜಾಸ್ತಿ ಇರುತ್ತದೆ, ಅಲ್ಲಿ ಉತ್ತರ ಬೇರೆ ಬಂದೀತು. ಉಡುಪಿ ಕಡೆ ಅಪ್ಪ ಕೊಟ್ಟ ಜಾಗದಲ್ಲಿ ಮನೆ ಕಟ್ಟುವವರದ್ದೂ ಬೇರೆಯೇ ಲೆಕ್ಕ. ಆದರೆ ಅವರೂ ಜಾಗಕ್ಕೆ ಸೊನ್ನೆ ಹಾಕಬಾರದು. ಅದನ್ನು ಮಾರಿದ್ದರೆ ಎಷ್ಟು ಬರುತ್ತಿತ್ತೋ ಅದೇ ಅವರ ಡೌನ್ ಪೇಮೆಂಟ್.

ಆದಾಯ ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. ಹೊಸ ಪದ್ಧತಿಯಲ್ಲಿ ಇರುವವರಿಗೆ ತಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ, ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿಯೂ ಇಲ್ಲ. ಇವರಿಬ್ಬರೂ ಹೊಸದರಲ್ಲಿ ಇದ್ದಾರೆ. ಹಳೆಯದರಲ್ಲಿ ಇರುವವರು ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಉಳಿಯುವ ತೆರಿಗೆಯನ್ನು ಕೊಳ್ಳುವ ಕಡೆಯಿಂದ, ಎಚ್‌ಆರ್‌ಎಯಿಂದ ಉಳಿಯುವುದನ್ನು ಬಾಡಿಗೆಯ ಕಡೆಯಿಂದ ಕಳೆಯಬೇಕು.

ಇರುವ ವರ್ಷ ಬದಲಿಸಿ ನೋಡಿದಾಗ ನನಗೇ ಆಶ್ಚರ್ಯ ಆದ ಸಂಗತಿ ಒಂದು ಕಂಡಿತು. ಮೂರೇ ವರ್ಷಕ್ಕೆ ಮಾರಿದರೆ ಕೊಳ್ಳುವವರಿಗೆ ಆಗುವ ನಷ್ಟ 9.5 ಲಕ್ಷ. ಹತ್ತು ವರ್ಷಕ್ಕೆ 11.75. ಇಪ್ಪತ್ತು ವರ್ಷಕ್ಕೆ ಸುಮಾರು 13.4. ಎಲ್ಲವೂ ಇವತ್ತಿನ ಬೆಲೆಯಲ್ಲೇ. ಅಂದರೆ ನಷ್ಟದ ದೊಡ್ಡ ಪಾಲು ನೋಂದಣಿ ಕಚೇರಿಯಲ್ಲಿ, ಬಡಗಿಯ ಕೈಯಲ್ಲಿ, ಮೊದಲ ದಿನಗಳಲ್ಲೇ ಆಗಿಹೋಗುತ್ತದೆ. ಆಮೇಲೆ ವರ್ಷ ವರ್ಷಕ್ಕೆ ಸೇರುವುದು ಸ್ವಲ್ಪವೇ. ವರ್ಗಾವಣೆ ಆಗುವ ಕೆಲಸದವರು ಕೊಳ್ಳಬಾರದು ಅನ್ನುವುದಕ್ಕೆ ಕಾರಣ ಇದು. ಆಗಲೇ ಕೊಂಡು ಐದಾರು ವರ್ಷ ಆದವರು ಈ ಲೇಖನ ಓದಿ ಮನೆ ಮಾರಲು ಹೊರಡಬೇಕಾಗಿಲ್ಲ ಅನ್ನುವುದಕ್ಕೂ ಕಾರಣ ಇದೇ. ಅವರ ದೊಡ್ಡ ಖರ್ಚು ಹಿಂದೆಯೇ ಆಗಿಹೋಗಿದೆ.

ಈ ಲೆಕ್ಕಕ್ಕೆ ಒಂದು ಷರತ್ತು ಇದೆ. ಕೊಂಡರೆ ಮೊದಲ ತಿಂಗಳು ಕಂತು, ಮೆಂಟೆನೆನ್ಸ್ ಸೇರಿ 45,149 ಹೋಗುತ್ತದೆ. ಬಾಡಿಗೆಯಾದರೆ 18,000. ಉಳಿಯುವ 27,149, ಜೊತೆಗೆ ಬ್ಯಾಂಕಿನಲ್ಲಿರುವ 19.56 ಲಕ್ಷ, ನಿಜವಾಗಿ ಬೆಳೆಯುವ ಜಾಗದಲ್ಲಿ ಇರಬೇಕು. ಆ 27,149 ಪ್ರತಿ ತಿಂಗಳೂ ಖರ್ಚಾಗಿ ಹೋದರೆ, ಹತ್ತು ವರ್ಷದ ನಂತರ ಕೊಂಡವರ ಹತ್ತಿರ 59 ಲಕ್ಷ ಇರುತ್ತದೆ, ಬಾಡಿಗೆಯವರ ಹತ್ತಿರ ಮೊದಲಿನ ಗಂಟು ಬೆಳೆದ 43 ಲಕ್ಷ ಮಾತ್ರ. ಕಂತು ಒತ್ತಾಯದಿಂದ ಉಳಿಸುತ್ತದೆ ಅನ್ನುವ ಹಿರಿಯರ ಮಾತಿನಲ್ಲಿ ಸತ್ಯ ಇದೆ. ತಂಗಿಯ ಮನೆಯಲ್ಲಿ ಇದನ್ನು ಅವಳೇ ನೋಡಿಕೊಳ್ಳುತ್ತಾಳೆ. ಸಂಬಳ ಬಂದ ಮರುದಿನ ದುಡ್ಡು ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಟ್ಟಿದ್ದಾಳೆ.

ಹಾಗಾದರೆ ಸ್ವಂತ ಮನೆಯ ನೆಮ್ಮದಿಗೆ ಬೆಲೆ ಇಲ್ಲವೇ? ಇದೆ, ಮತ್ತು ಈಗ ಅದು ಎಷ್ಟೆಂದು ಗೊತ್ತಾಯಿತು. 11.75 ಲಕ್ಷವನ್ನು ಹತ್ತು ವರ್ಷದ ತಿಂಗಳುಗಳಿಗೆ ಅದೇ ಶೇಕಡಾ 8ರಲ್ಲಿ ಹಂಚಿದರೆ ತಿಂಗಳಿಗೆ 14,250 ರೂಪಾಯಿ. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲ, ಮಗಳ ಶಾಲೆ ಬದಲಿಸಬೇಕಾಗಿಲ್ಲ, ಅತ್ತೆಗೆ ವಯಸ್ಸಾದ ಕಾಲಕ್ಕೆ ಮನೆ ಹುಡುಕಬೇಕಾಗಿಲ್ಲ. ಇಷ್ಟಕ್ಕೆ 14,250 ಕೊಡಲು ಮನಸ್ಸಿದ್ದರೆ ಕೊಳ್ಳಿ ಅಂದೆ. ಕೊಡುವವರು ಇದ್ದಾರೆ, ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ.

ತಂಗಿ ಸ್ವಲ್ಪ ಹೊತ್ತು ಆ ಒದ್ದೆ ಗೋಡೆಯ ಕಡೆ ನೋಡಿದಳು. "ಇಷ್ಟು ಕೊಟ್ಟು ಈ ಗೋಡೆ ನಂಗೆ ಬೇಡ" ಅಂದಳು.

ಮಾಲೀಕರು ಫ್ಲಾಟನ್ನು ಬೇರೆಯವರಿಗೆ ಮಾರಿದರು. ಕೊಂಡವರಿಗೆ ಅಲ್ಲಿ ವಾಸ ಮಾಡುವ ಯೋಚನೆ ಇರಲಿಲ್ಲ. ತಂಗಿಯವರನ್ನೇ ಮುಂದುವರಿಸಿ ಅಂದರು, ಬಾಡಿಗೆ ಮಾತ್ರ 19,000 ಮಾಡಿದರು. ಆವತ್ತು ರಾತ್ರಿ ಅವಳು ಹಾಳೆಯಲ್ಲಿ 18,000 ಇದ್ದಲ್ಲಿ 19,000 ಹಾಕಿ ನನಗೆ ಫೋಟೋ ಕಳಿಸಿದಳು. ಬಾಡಿಗೆಯ ಕಡೆ ಒಂದು ಲಕ್ಷ ಏರಿತ್ತು. ಗೋಡೆಯ ಫೋಟೋವನ್ನು ಹೊಸ ಮಾಲೀಕರಿಗೆ ಆಗಲೇ ಕಳಿಸಿಯಾಗಿತ್ತು.